ನೆಲದ ಮೇಲೆ ಸರಿ, ಗ್ರಾಫ್ ಹಾಳೆಯಲ್ಲಿ ಯಾಕೆ ತಪ್ಪು?

ಪ್ರಶ್ನೆ: ಒಂಬತ್ತನೇ ತರಗತಿಗೆ ನಿರ್ದೇಶಾಂಕ ರೇಖಾಗಣಿತ ಶುರು ಮಾಡುವಾಗ ಹಾಲ್‌ನ ನೆಲದಲ್ಲಿ ಚೌಕಗಳನ್ನು ಎಳೆದು ನಿಧಿ ಹುಡುಕುವ ಆಟ ಆಡಿಸಿದೆ. ಎಲ್ಲ ಗುಂಪಿಗೂ ನಿಧಿ ಸಿಕ್ಕಿತು. ಮರುದಿನ ಗ್ರಾಫ್ ಹಾಳೆ ಕೊಟ್ಟರೆ ಅರ್ಧ ಜನ (3, −2) ಬದಲು (−2, 3) ಗುರುತಿಸಿದರು. ಆಟ ವ್ಯರ್ಥವಾಯಿತಾ?

ಉತ್ತರ: ನಿಜ ಹೇಳಬೇಕೆಂದರೆ, ನಿಧಿ ಸಿಕ್ಕಿದ್ದು ಗುಂಪಿಗೊಬ್ಬರಿಗೆ. ಉಳಿದವರು ಅವರ ಹಿಂದೆ ಓಡಿರುತ್ತಾರೆ. ತಪ್ಪು ಜಾಗಕ್ಕೆ ಹೋದವರಿಗೂ ಅಲ್ಲಿ ಏನೂ ಕಾಣುವುದಿಲ್ಲ, ಅಕ್ಕಪಕ್ಕ ನೋಡುತ್ತಾರೆ, ಸಿಕ್ಕಿಬಿಡುತ್ತದೆ. ನಾನೂ ಮೊದಲ ವರ್ಷ ಹೀಗೇ ಮೋಸ ಹೋದೆ. ಮಕ್ಕಳು ಮುಚ್ಚಳಗಳನ್ನು ಒಂದೊಂದಾಗಿ ಎತ್ತಿ ನೋಡಿದರು, ಲೆಕ್ಕ ಮಾಡಲೇ ಇಲ್ಲ.

ಈಗ ಉಡುಪಿಯ ನಮ್ಮ ಶಾಲೆಯಲ್ಲಿ ಮಾಡುವುದು ಹೀಗೆ. ಹಾಲ್‌ನ ಮಧ್ಯೆ ಮೂಲಬಿಂದು. ಅಲ್ಲಿಂದ ಎಲ್ಲ ಕಡೆ ನಾಲ್ಕು ನಾಲ್ಕು ಅಳತೆ, ಒಂದೊಂದು 50 ಸೆಂಟಿಮೀಟರ್. ಅಂದರೆ 4 ಮೀಟರ್ ಉದ್ದಗಲದ ಜಾಗ ಸಾಕು. ಎರಡು ಅಕ್ಷಗಳನ್ನು ಮಾತ್ರ ಚಾಕ್‌ನಲ್ಲಿ ಗೆರೆ ಎಳೆದು, ಉಳಿದ ಕಡೆ ಗೆರೆಗಳು ಕೂಡುವಲ್ಲಿ ಚುಕ್ಕಿ ಇಡುತ್ತೇವೆ, ರಂಗೋಲಿಯ ಹಾಗೆ. ಟೈಲ್ಸ್‌ನ ಚೌಕಗಳನ್ನೇ ಬಳಸಿದರೆ ಮಕ್ಕಳು ಚೌಕದ ಒಳಗೆ ನಿಲ್ಲುತ್ತಾರೆ, ನಿಂತ ಚೌಕವನ್ನೇ ಒಂದು ಎಂದು ಎಣಿಸುತ್ತಾರೆ. ಬಿಂದು ಇರುವುದು ಚುಕ್ಕಿಯಲ್ಲಿ, ಚೌಕದಲ್ಲಲ್ಲ.

ದಿಕ್ಕಿಗೆ ನಮ್ಮ ಊರೇ ಸಹಾಯ ಮಾಡುತ್ತದೆ. ಕಡಲು ಪಡುವಣಕ್ಕೆ, ಘಟ್ಟ ಮೂಡಣಕ್ಕೆ. ಪಡುಬಿದ್ರಿ, ಮೂಡುಬಿದಿರೆ ಅಂದರೆ ಯಾವುದು ಯಾವ ಕಡೆ ಎಂದು ಮಕ್ಕಳಿಗೆ ಗೊತ್ತು. ಘಟ್ಟದ ಕಡೆ ಎಕ್ಸ್ ಧನ, ಕಡಲಿನ ಕಡೆ ಋಣ. ಬಡಗುಪೇಟೆಯ ಬಡಗು ವೈ ಧನ, ತೆಂಕುಪೇಟೆಯ ತೆಂಕು ಋಣ. ಎಡ ಬಲ ಎಂದು ಹೇಳಬೇಡಿ. ಮಗು ತಿರುಗಿದ ಕೂಡಲೇ ಎಡ ಬಲ ಬದಲಾಗುತ್ತದೆ, ಕಡಲು ಬದಲಾಗುವುದಿಲ್ಲ. ನೋಡುವವರೆಲ್ಲ ತೆಂಕು ಬದಿಯಲ್ಲೇ ಕೂರಲಿ. ಬಡಗು ಬದಿಯಲ್ಲಿ ಕೂತವನಿಗೆ ಇಡೀ ಚಿತ್ರ ತಲೆಕೆಳಗಾಗಿ ಕಾಣುತ್ತದೆ.

ಇನ್ನು ಆಟ. ಮೂರು ಸುಳಿವು: (3, −2), (−4, 1), (0, −3). ಪ್ರತಿ ಚುಕ್ಕಿಯ ಮೇಲೆ ಬಾಟಲಿ ಮುಚ್ಚಳ, ಅದರಡಿ ಒಂದಕ್ಷರದ ಚೀಟಿ. ಸರಿಯಾಗಿ ಹೋದರೆ ಉ, ಡು, ಪಿ. ಅದಲುಬದಲಾದ ಜಾಗಗಳಾದ (−2, 3), (1, −4), (−3, 0) ಇವುಗಳಲ್ಲೂ ಚೀಟಿ ಇಡಿ: ಬೈಂ, ದೂ, ರು. ಪೂರ್ತಿ ತಿರುಗಿಸಿ ಓದಿದ ಗುಂಪು ಉಡುಪಿಗೆ ಹೊರಟು ಬೈಂದೂರಿಗೆ ಮುಟ್ಟುತ್ತದೆ! ‘ಉದೂಪಿ’ ಎಂದು ಬರೆದುಕೊಂಡು ಬಂದರೆ ಎರಡನೇ ಸುಳಿವಿನಲ್ಲಿ ಮಾತ್ರ ತಪ್ಪಿದ್ದಾರೆ. ಯಾರು ಎಲ್ಲಿ ಎಡವಿದರು ಎಂದು ಚೀಟಿಯೇ ಹೇಳಿಬಿಡುತ್ತದೆ. ಒಂದು ಸುಳಿವಿಗೆ ಒಂದೇ ಮುಚ್ಚಳ ಎತ್ತಬೇಕು ಎಂಬ ನಿಯಮ ಮರೆಯಬೇಡಿ. ಪ್ರತಿ ಸುಳಿವಿಗೂ ಬೇರೆ ಮಗು ನಡೆಯಲಿ, ಉಳಿದವರು ಬಾಯಿಮುಚ್ಚಿ ಕೂರಲಿ. ಇದೇ ಜಾಸ್ತಿ ಕಷ್ಟ.

(−1, −1)ರಲ್ಲಿ ಒಂದು ಖಾಲಿ ಚೀಟಿಯನ್ನೂ ಇಡಿ. ಮೊದಲ ಚೀಟಿ ಸಿಕ್ಕ (3, −2)ರಿಂದಲೇ ಮುಂದೆ ಎಣಿಸಿದವರು ಅಲ್ಲಿಗೆ ಬರುತ್ತಾರೆ. ಲೆಕ್ಕ ಯಾವಾಗಲೂ ಮೂಲಬಿಂದುವಿನಿಂದ, ನಿಂತಲ್ಲಿಂದಲ್ಲ ಎಂದು ಆಗ ಹೇಳಿದರೆ ತಲೆಗೆ ಹೋಗುತ್ತದೆ.

ನಿಮ್ಮ ಮಕ್ಕಳು ಹಾಳೆಯಲ್ಲಿ ತಪ್ಪಿದ್ದಕ್ಕೆ ನನಗನಿಸುವ ಕಾರಣ ಬೇರೆಯೇ. ‘ಮೊದಲು ಎಕ್ಸ್ ನಡೆ, ಆಮೇಲೆ ವೈ’ ಎಂದು ನಾವು ಹೇಳಿಕೊಡುತ್ತೇವೆ ಅಲ್ವಾ? ಮಗು ಹಿಡಿದುಕೊಳ್ಳುವುದು ‘ಮೊದಲು’ ಎಂಬುದನ್ನು ಮಾತ್ರ. ನಡೆಯುವುದರಲ್ಲಿ ಹಿಂದುಮುಂದಾದರೂ ಏನೂ ಆಗುವುದಿಲ್ಲ. ಒಬ್ಬಳು ಘಟ್ಟದ ಕಡೆ ಮೂರು ಹೆಜ್ಜೆ ಹಾಕಿ ಆಮೇಲೆ ತೆಂಕಿಗೆ ಎರಡು ನಡೆಯಲಿ. ಇನ್ನೊಬ್ಬ ಮೊದಲು ತೆಂಕಿಗೆ ಎರಡು, ಆಮೇಲೆ ಘಟ್ಟದ ಕಡೆ ಮೂರು. ಇಬ್ಬರೂ ಒಂದೇ ಚುಕ್ಕಿಯಲ್ಲಿ ಡಿಕ್ಕಿ ಹೊಡೆಯುತ್ತಾರೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಯಾವ ಸಂಖ್ಯೆ ಯಾವ ದಿಕ್ಕಿನದು ಎಂಬುದು. ಆವರಣದಲ್ಲಿ ಎಡಗಡೆ ಬರೆದದ್ದು ಮೂಡು-ಪಡುವಿನದು, ಬಲಗಡೆಯದು ಬಡಗು-ತೆಂಕಿನದು. ಅಷ್ಟೇ.

(0, −3) ಬಂದಾಗ ಕೆಲವರು ಸೊನ್ನೆ ನೋಡಿ ಸುಮ್ನೆ ಮೂಲಬಿಂದುವಿನಲ್ಲೇ ನಿಲ್ಲುತ್ತಾರೆ. ‘ಕಡಲಿನ ಕಡೆಗೂ ಬೇಡ, ಘಟ್ಟದ ಕಡೆಗೂ ಬೇಡ, ತೆಂಕಿಗೆ?’ ಎಂದು ಕೇಳಿ. ತಾನಾಗಿ ಮೂರು ಹೆಜ್ಜೆ ಇಡುತ್ತಾರೆ.

ಹಾಳೆಯನ್ನು ಮರುದಿನಕ್ಕೆ ಬಿಡಬೇಡಿ. ಅದೇ ಪೀರಿಯಡ್‌ನಲ್ಲಿ ತೆಂಕು ಬದಿಯಲ್ಲಿ, ಬಡಗಿಗೆ ಮುಖ ಮಾಡಿ ಕೂತ ಮಕ್ಕಳ ಮುಂದೆ ಗ್ರಾಫ್ ಹಾಳೆ ನೆಲದ ಮೇಲೆಯೇ ಇರಲಿ. ಎಡ ಅಂಚಿನಲ್ಲಿ ‘ಕಡಲು’, ಬಲದಲ್ಲಿ ‘ಘಟ್ಟ’ ಎಂದು ಪೆನ್ಸಿಲ್‌ನಲ್ಲಿ ಬರೆಯಲಿ. ಒಬ್ಬರು ನಡೆಯುವಾಗ ಉಳಿದವರು ಹಾಳೆಯಲ್ಲಿ ಗುರುತಿಸಲಿ. ಮುಚ್ಚಳ ಎತ್ತುವುದು ಎಲ್ಲರೂ ಗುರುತು ಹಾಕಿ ಪೆನ್ಸಿಲ್ ಕೆಳಗಿಟ್ಟ ಮೇಲೆ.