ಮೂರು ವರ್ಷದ ಅಂದಾಜಿಗೆ ನೇರ ಗೆರೆ ಎಳೆಯಬೇಡಿ

ಮಾರಾಟದ ಅಂದಾಜು ಮಾಡಿಸಲು ಬರುವವರು ಮತ್ತೆ ಮತ್ತೆ ಒಂದೇ ತಪ್ಪು ಮಾಡಿಕೊಂಡು ಬರುತ್ತಾರೆ. ಹಳೆಯ ಅಂಕಿಗಳಿಂದ ಈಗಿನ ಮಟ್ಟವನ್ನೂ ಏರಿಕೆಯ ವೇಗವನ್ನೂ ಅಂದಾಜು ಮಾಡಿ ಮುಂದಕ್ಕೆ ನೇರ ಗೆರೆ ಎಳೆಯುವ ಹೋಲ್ಟ್ ವಿಧಾನದಲ್ಲಿ ಮುಂದಿನ ತಿಂಗಳ ಲೆಕ್ಕ ಚೆನ್ನಾಗಿ ಬಂತು, ಸರಿ, ಅದೇ ಗೆರೆಯನ್ನು ಮೂರು ವರ್ಷದವರೆಗೆ ಎಳೆದುಬಿಡುತ್ತಾರೆ. ಬ್ಯಾಂಕಿಗೂ ಅದನ್ನೇ ತೋರಿಸುತ್ತಾರೆ. ಇದನ್ನು ನೋಡಿದಾಗೆಲ್ಲ ನನಗೆ ತಳಮಳವಾಗುತ್ತದೆ, ಯಾಕೆಂದರೆ ಆ ಗೆರೆ ನಂಬಿ ಸಾಲ ಮಾಡುವವರು ಅವರೇ.

ರಸ್ಕ್ ತಯಾರಿಸುವ ಒಬ್ಬರ ಉದಾಹರಣೆ ಹೇಳುತ್ತೇನೆ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಾಗಿಸಿದ್ದೇನೆ. ಹಬ್ಬದ ಏರಿಳಿತ ತೆಗೆದ ಮೇಲೆ ಅವರ ಮಾರಾಟದ ಮಟ್ಟ ತಿಂಗಳಿಗೆ 1000 ಬಾಕ್ಸ್, ಟ್ರೆಂಡ್ ಅಂದರೆ ತಿಂಗಳ ಏರಿಕೆ 20 ಬಾಕ್ಸ್. ಈಗಿರುವ ಓವನ್ 1300 ಬಾಕ್ಸ್‌ವರೆಗೆ ತಡೆಯುತ್ತದೆ. ನೇರ ಗೆರೆ ಹಿಡಿದರೆ 15ನೇ ತಿಂಗಳಿಗೇ 1300 ಮುಟ್ಟುತ್ತದೆ, 36ನೇ ತಿಂಗಳಿಗೆ 1720. "ಈಗಲೇ ಎರಡನೇ ಓವನ್ ಬುಕ್ ಮಾಡೋಣ ಅಲ್ವಾ ಸಾರ್?" ಅಂತ ಕೇಳಿದರು.

ಏರಿಕೆ ಎಲ್ಲಿಂದ ಬಂತು ಅಂತ ನಾನು ಕೇಳಿದೆ. ಹೊಸ ಅಂಗಡಿಗಳಿಂದ. ಅವರ ವ್ಯಾನ್ ಹೋಗುವ ದಾರಿಯಲ್ಲಿ ಇನ್ನೂ ರಸ್ಕ್ ಇಡದ ಅಂಗಡಿಗಳು ಎಷ್ಟು ಉಳಿದಿವೆ ಅಂದರೆ, ಬೆರಳೆಣಿಕೆಯಷ್ಟು. ಬಹಳಷ್ಟು ಏರಿಕೆಗಳ ಕಥೆ ಹೀಗೇ. ಸುಲಭಕ್ಕೆ ಸಿಗುವ ಗಿರಾಕಿಗಳು ಮೊದಲು ಸಿಗುತ್ತಾರೆ, ಆಮೇಲೆ ವೇಗ ತಗ್ಗುತ್ತದೆ. ನೇರ ಗೆರೆಗೆ ಇದು ಗೊತ್ತಿಲ್ಲ.

ಇದಕ್ಕೆ ಡ್ಯಾಂಪ್ಡ್ ಟ್ರೆಂಡ್ ಇದೆ. ಗಾರ್ಡ್ನರ್ ಮತ್ತು ಮೆಕೆಂಜಿ 1985ರಲ್ಲಿ ಕೊಟ್ಟ ವಿಧಾನ. ಹೋಲ್ಟ್ ವಿಧಾನಕ್ಕೆ ಫೈ ಎಂಬ ಒಂದು ಸಂಖ್ಯೆ ಸೇರಿಸಿ, ಮುಂದಿನ ಪ್ರತಿ ತಿಂಗಳ ಏರಿಕೆಯನ್ನು ಹಿಂದಿನದಕ್ಕಿಂತ ಸ್ವಲ್ಪ ಕುಗ್ಗಿಸುತ್ತಾರೆ. ಫೈ 0.9 ಆದರೆ ಏರಿಕೆ 18, ಆಮೇಲೆ 16.2, ಆಮೇಲೆ 14.6, ಹೀಗೆ. ಮುಂದಿನ ತಿಂಗಳಿಗೆ ನೇರ ಗೆರೆ 1020 ಅಂದರೆ ಇದು 1018 ಅನ್ನುತ್ತದೆ. ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. 12ನೇ ತಿಂಗಳಿಗೆ 1240ರ ಬದಲು 1129. 36ನೇ ತಿಂಗಳಿಗೆ 1720ರ ಬದಲು 1176. ಎಷ್ಟು ದೂರ ಹೋದರೂ 1180 ದಾಟುವುದಿಲ್ಲ.

ಇಲ್ಲೇ ಗಿರಾಕಿಗಳಿಗೆ ಸಿಟ್ಟು ಬರುವುದು. "ನಮ್ಮ ವ್ಯಾಪಾರ 1180ಕ್ಕೆ ನಿಂತುಹೋಗುತ್ತೆ ಅಂತೀರಾ?" ಇಲ್ಲ, ಹಾಗಲ್ಲ. ದಯವಿಟ್ಟು ಇದೊಂದನ್ನು ನಿಧಾನವಾಗಿ ನೋಡಿ. ಆ 1180 ಇವತ್ತಿನ ಮಾಹಿತಿಯಿಂದ ಸಿಕ್ಕಿದ್ದು. ಮೂರು ತಿಂಗಳಾದ ಮೇಲೂ ಅದೇ ವೇಗ ಉಳಿದು, ಮಟ್ಟ 1060 ಆಗಿ, ಟ್ರೆಂಡ್ 20ರಲ್ಲೇ ಇದ್ದರೆ, ಹೊಸ ಲೆಕ್ಕದಲ್ಲಿ ಆ ಮಿತಿ 1240ಕ್ಕೆ ಏರುತ್ತದೆ. ವ್ಯಾಪಾರ ಬೆಳೆದರೆ ಅಂದಾಜೂ ಜೊತೆಗೇ ಬೆಳೆಯುತ್ತದೆ. ಇನ್ನೂ ಕಾಣದ ಬೆಳವಣಿಗೆಯನ್ನು ಮಾತ್ರ ಈಗಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನೊಂದು ಕಾರಣವಿದೆ, ನನಗೆ ಇದೇ ದೊಡ್ಡದು. ಆ 20 ಅನ್ನುವುದೇ ಒಂದು ಅಂದಾಜು, ಇತ್ತೀಚಿನ ತಿಂಗಳುಗಳ ಏರಿಳಿತಕ್ಕೆ ಅಲುಗಾಡುವಂಥದ್ದು. ನಿಜವಾದ ವೇಗ 15 ಇದ್ದು, ಒಂದೆರಡು ಒಳ್ಳೆಯ ತಿಂಗಳಿಂದ 20 ಅಂತ ಕಂಡಿರಬಹುದು. ನೇರ ಗೆರೆಯಲ್ಲಿ ಆ 5ರ ತಪ್ಪು 36 ಪಟ್ಟಾಗಿ 180 ಬಾಕ್ಸ್ ಆಗುತ್ತದೆ. ಡ್ಯಾಂಪ್ ಮಾಡಿದರೆ ಅದೇ 5 ಹಿಗ್ಗುವುದು 44ಕ್ಕೆ ಮಾತ್ರ. ಜನ ವಿಸ್ತರಣೆಯ ಯೋಚನೆ ಮಾಡುವುದೂ ಒಳ್ಳೆಯ ತಿಂಗಳುಗಳ ಬೆನ್ನಿಗೇ ಅಲ್ವಾ, ಹಾಗಾಗಿ ತಪ್ಪು ಸಾಮಾನ್ಯವಾಗಿ ಮೇಲ್ಮುಖವಾಗಿಯೇ ಇರುತ್ತದೆ.

ಪೈಥಾನ್‌ನಲ್ಲಿ ಇಷ್ಟೇ ಕೆಲಸ, y ಅಂದರೆ ಹಬ್ಬದ ಏರಿಳಿತ ತೆಗೆದ ತಿಂಗಳ ಮಾರಾಟದ ಅಂಕಿಗಳು:

```python
from statsmodels.tsa.holtwinters import Holt
fit = Holt(y, damped_trend=True).fit()
print(fit.params["damping_trend"])
print(fit.forecast(36))
```

ಬಂದ ಫೈ ನೋಡದೆ ಮುಂದೆ ಹೋಗಬೇಡಿ. 0.98 ಬಂದರೆ ಗೆರೆ 0.9ರದ್ದಕ್ಕಿಂತ ನೇರ ಗೆರೆಗೆ ಹೆಚ್ಚು ಹತ್ತಿರ ಇರುತ್ತದೆ. ನಮ್ಮ ಲೆಕ್ಕದಲ್ಲಿ 36ನೇ ತಿಂಗಳಿಗೆ ಸುಮಾರು 1506, ಅಂದರೆ ಓವನ್ ಬೇಕು ಅನ್ನುವ ಉತ್ತರ. ಎರಡು ಮೂರು ವರ್ಷದ ತಿಂಗಳ ಅಂಕಿಗಳಿಂದ 0.9 ಮತ್ತು 0.98ರ ನಡುವೆ ಗಟ್ಟಿಯಾಗಿ ತೀರ್ಮಾನಿಸುವುದು ಕಷ್ಟ, ಅದಕ್ಕೆ ನಾನು ಎರಡನ್ನೂ ಮುಂದಿಡುತ್ತೇನೆ. ಇನ್ನೊಂದು, ತಿಂಗಳ ಲೆಕ್ಕದ 0.9 ಹನ್ನೆರಡು ತಿಂಗಳು ಒಂದರ ಮೇಲೊಂದು ಗುಣಿಸಿಕೊಂಡು ವರ್ಷಕ್ಕೆ 0.28 ಆಗುತ್ತದೆ. ವರ್ಷದ ಅಂಕಿಗಳಿಗೂ ಸುಮ್ನೆ 0.9 ಹಾಕಬೇಡಿ.

ಪರೀಕ್ಷೆ ಮಾಡುವಾಗ ಒಂದು ತಿಂಗಳ ಮುಂದಿನ ತಪ್ಪನ್ನಷ್ಟೇ ನೋಡಿದರೆ ಎರಡೂ ವಿಧಾನ ಸರಿಸಮ ಕಾಣುತ್ತವೆ. ಹಳೆಯ ಅಂಕಿಗಳಲ್ಲೇ ಹಿಂದಕ್ಕೆ ಹೋಗಿ, ಅಲ್ಲಿ ನಿಂತು 12 ತಿಂಗಳ ಮುಂದಿನ ಅಂದಾಜು ಮಾಡಿ, ನಿಜವಾದ ಮಾರಾಟದ ಜೊತೆ ಹೋಲಿಸಿ. ಒಂದೊಂದೇ ತಿಂಗಳು ಮುಂದೆ ಸರಿದು ಇದನ್ನೇ ಮತ್ತೆ ಮಾಡಿ. ತಪ್ಪಿನ ಗಾತ್ರದ ಜೊತೆ ದಿಕ್ಕನ್ನೂ ಬರೆದಿಡಿ. ನೇರ ಗೆರೆ ಬಹುತೇಕ ಸಲ ಮೇಲಕ್ಕೇ ತಪ್ಪಿದ್ದರೆ ಡ್ಯಾಂಪ್ ಮಾಡಿ. ಕೈಯಲ್ಲಿ ಸಹಿಯಾದ ಹೊಸ ಆರ್ಡರ್ ಇದ್ದರೆ ಮಾತ್ರ ಅದನ್ನು ಟ್ರೆಂಡ್‌ಗೆ ಬೆರೆಸದೆ, ಅಂದಾಜಿನ ಮೇಲೆ ಬೇರೆಯಾಗಿ ಕೂಡಿಸಿ.