ಮೂರು ಲಕ್ಷ ಸಾಲು, ಮೂವತ್ತೆಂಟು ಪ್ಯಾಕೆಟ್

ಅಕ್ಕನ ಮಗಳು ತನ್ನ ದತ್ತಾಂಶ ವಿಶ್ಲೇಷಣೆಯ ಕೆಲಸವನ್ನು ಒಂದೇ ಪುಟದಲ್ಲಿ ಬರೆದು ತಂದಿದ್ದಳು. ಬೆಂಗಳೂರಿನಲ್ಲಿ ಕೆಲಸ ಹುಡುಕುವವರೆಲ್ಲ ಇಂಥ ಪುಟ ಬರೆಯುತ್ತಾರೆ. ಬಳಸಿದ ಸಲಕರಣೆ: ಪೈಥಾನ್, ಎಸ್‌ಕ್ಯುಎಲ್, ಎಕ್ಸೆಲ್. ದತ್ತಾಂಶದ ಗಾತ್ರ: 3,11,000 ಸಾಲು. ಪರಿಣಾಮ: ದೋಸೆ ಹಿಟ್ಟಿನ ವ್ಯಾಪಾರದಲ್ಲಿ ಪೂರೈಕೆಯ ನಿರ್ಧಾರ ಸುಧಾರಿಸಿತು. ಮೂರೂ ನಿಜವೇ. ಆದರೆ ಈ ಮೂರು ಮಾತಿನಿಂದ ಅವಳು ಏನು ಮಾಡಿದಳೆಂದು ನನಗೆ ತಿಳಿಯಲಿಲ್ಲ. ಸಂದರ್ಶನಗಳಲ್ಲಿ ಇಂಥ ಪುಟಗಳನ್ನು ಓದುವುದು ನನ್ನ ಕೆಲಸದ ಒಂದು ಭಾಗ. ಹಾಗಾಗಿ ಅಭ್ಯಾಸಬಲದಿಂದ ಕೇಳಿದೆ, "ಒಂದು ಸಾಲು ಅಂದರೆ ಏನು?"

"ಒಂದು ಬಿಲ್ಲು, ಮಾಮ."

ಅಲ್ಲಿಂದ ಶುರುವಾದ ಮಾತು ಎರಡು ಭಾನುವಾರ ನಡೆಯಿತು.

ವ್ಯಾಪಾರ ಇಷ್ಟು. ನಗರದಲ್ಲಿ 24 ಸ್ವಂತ ಮಳಿಗೆಗಳಿರುವ ಒಂದು ಸಣ್ಣ ಸಂಸ್ಥೆ ರಾತ್ರಿ ಹಿಟ್ಟು ರುಬ್ಬಿ, ಬೆಳಗಿನ ಜಾವ ವ್ಯಾನಿನಲ್ಲಿ ಒಂದೊಂದು ಕಿಲೋ ಪ್ಯಾಕೆಟ್‌ಗಳನ್ನು ಮಳಿಗೆಗಳಿಗೆ ಇಳಿಸುತ್ತದೆ. ಆ ದಿನ ಉಳಿದದ್ದು ಮರುದಿನಕ್ಕೆ ಹುಳಿ. ಹಾಗಾಗಿ ಪ್ರತಿ ಮಳಿಗೆಗೂ ದಿನಾ ಕೇಳಬೇಕಾದ ಪ್ರಶ್ನೆ ಒಂದೇ: ನಾಳೆ ಎಷ್ಟು ಪ್ಯಾಕೆಟ್ ಕಳಿಸಬೇಕು?

ಈ ಪ್ರಶ್ನೆಗೆ ಬಿಲ್ಲು ನೇರವಾಗಿ ಉತ್ತರ ಹೇಳುವುದಿಲ್ಲ. ನಿರ್ಧಾರ ಮಳಿಗೆಗೊಂದು, ದಿನಕ್ಕೊಂದು. ಹಾಗಾಗಿ ಬಿಲ್ಲುಗಳನ್ನು ಮೊದಲು ಆ ಅಳತೆಗೆ ಕೂಡಿಸಬೇಕು:

```sql
SELECT angadi, dina,
       SUM(packet) AS marata,
       MAX(samaya) AS kone_bill
FROM bills
GROUP BY angadi, dina;
```

540 ದಿನ, 24 ಮಳಿಗೆ. ಮೂರು ಲಕ್ಷ ಸಾಲು 12,960ಕ್ಕೆ ಇಳಿಯಿತು. ಭಾನುವಾರದ ಬೇಡಿಕೆ ಬೇರೆ ದಿನಗಳಂತಲ್ಲ, ಒಂದು ಬಡಾವಣೆಯಂತೆ ಇನ್ನೊಂದಿಲ್ಲ. ಮಲ್ಲೇಶ್ವರದ ಮಳಿಗೆಗೆ ಭಾನುವಾರ ಎಷ್ಟು ಕಳಿಸಬೇಕೆಂದು ಕೇಳಿದರೆ ಕೈಯಲ್ಲಿ ಉಳಿಯುವುದು 77 ಸಂಖ್ಯೆ. ಒಂದು ನೋಟ್‌ಬುಕ್ಕಿನ ಎರಡು ಪುಟ. ಪುಟದ ಮೇಲೆ ಬರೆಯುವ ಗಾತ್ರಕ್ಕೂ ನಿರ್ಧಾರದ ಹಿಂದೆ ನಿಲ್ಲುವ ಗಾತ್ರಕ್ಕೂ ಇರುವ ದೂರ ಇದು.

ದೊಡ್ಡ ಗಾತ್ರಕ್ಕೆ ಅರ್ಥವೇ ಇಲ್ಲವೆಂದಲ್ಲ. ಅದು ಸಲಕರಣೆಯ ಆಯ್ಕೆಯನ್ನು ನಿರ್ಧರಿಸುತ್ತದೆ. ಈಗಿನ ಎಕ್ಸೆಲ್ ಹಾಳೆಯಲ್ಲಿ 10,48,576 ಸಾಲು ಹಿಡಿಸುತ್ತದೆ, ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯ ಕಡತದಲ್ಲಿ 65,536 ಮಾತ್ರ. 2020ರಲ್ಲಿ ಇಂಗ್ಲೆಂಡಿನಲ್ಲಿ ಪ್ರಯೋಗಾಲಯಗಳ ವರದಿಗಳನ್ನು ಆ ಹಳೆಯ ಮಾದರಿಗೆ ತುಂಬುತ್ತಿದ್ದರು. ಮಿತಿ ಮೀರಿದ ಸಾಲುಗಳು ಸದ್ದಿಲ್ಲದೆ ಬಿದ್ದುಹೋಗಿ, 15,841 ಕೋವಿಡ್ ಪ್ರಕರಣಗಳು ಸಮಯಕ್ಕೆ ಲೆಕ್ಕಕ್ಕೆ ಬರಲಿಲ್ಲ. ಸಲಕರಣೆಯ ಹೆಸರು ಓದುವಾಗ ನಾನು ನೋಡುವುದು ಇಷ್ಟನ್ನೇ: ಈ ಗಾತ್ರಕ್ಕೆ ಇದು ತಾಳುತ್ತದೆಯೇ, ತುಂಬಿದ್ದೆಷ್ಟು ಹೊರಬಂದದ್ದೆಷ್ಟು ಎಂದು ಎಣಿಸಿದ್ದಾರೆಯೇ. ಮೂರು ಲಕ್ಷ ಸಾಲನ್ನು ಎಕ್ಸೆಲ್ ಕೂಡ ಎತ್ತುತ್ತದೆ. ಪೈಥಾನ್ ಎಂದು ಬರೆದರೆ ಹೆಚ್ಚುಗಾರಿಕೆಯೇನೂ ಇಲ್ಲ, ಕಡಿಮೆಯೂ ಇಲ್ಲ.

ಈಗ ಆ 77 ಸಂಖ್ಯೆಗಳಿಗೆ ಬರೋಣ. ಅವಳು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಸರಾಸರಿ ತೆಗೆದಳು. 35 ಬಂತು. ಸಂಸ್ಥೆಯವರು ಆಗ ಭಾನುವಾರಕ್ಕೆ 38 ಕಳಿಸುತ್ತಿದ್ದರು. ಮೂರು ಕಡಿಮೆ ಮಾಡಿ ಎಂದು ಹೇಳಿದಳು. ಯಜಮಾನರು ಒಪ್ಪಲಿಲ್ಲ. ಕಾರಣ ಹೇಳಲು ಅವರಿಗೆ ಬರಲಿಲ್ಲ, ತಲೆ ಮಾತ್ರ ಅಲ್ಲಾಡಿಸಿದರಂತೆ.

ಕಾರಣ ಅಂಕಿಗಳಲ್ಲೇ ಇತ್ತು. ಎಪ್ಪತ್ತೇಳನ್ನೂ ಸಾಲಾಗಿ ಬರೆದು ನೋಡು ಎಂದೆ. 31, 38, 38, 35, 38, 29, 38, 38, 38... ನಲವತ್ತೊಂದು ಭಾನುವಾರ ಮಾರಾಟ ಸರಿಯಾಗಿ 38. ಜನರಿಗೆ ಮೂವತ್ತೆಂಟರ ಮೇಲೆ ಅಷ್ಟು ಪ್ರೀತಿ ಇರಲು ಸಾಧ್ಯವಿಲ್ಲ. ಆ ದಿನಗಳಲ್ಲಿ ಮಾಲು ಖಾಲಿಯಾಗಿದೆ. ಕೊನೆಯ ಬಿಲ್ಲಿನ ಸಮಯ ನೋಡಿದರೆ ಕೆಲವು ದಿನ ಬೆಳಿಗ್ಗೆ ಹತ್ತೂವರೆಗೇ ಮುಗಿದಿತ್ತು. ಆಮೇಲೆ ಬಂದು ಬರಿಗೈಲಿ ಹೋದವರಿಗೆ ಯಾರೂ ಬಿಲ್ಲು ಹಾಕುವುದಿಲ್ಲ. ಅಂದರೆ ದತ್ತಾಂಶ ಅಳೆದದ್ದು ಮಾರಾಟವನ್ನು, ಬೇಕಾಗಿದ್ದದ್ದು ಬೇಡಿಕೆ. ಕಳಿಸಿದ್ದಕ್ಕಿಂತ ಹೆಚ್ಚು ಮಾರಲಾಗದು, ಆದ್ದರಿಂದ ಮಾರಾಟದ ಸರಾಸರಿ ಪೂರೈಕೆಯನ್ನು ಎಂದೂ ಮೀರದು. ಸರಾಸರಿಯನ್ನು ನಂಬಿ 35 ಕಳಿಸಿದರೆ ಮುಂದಿನ ಸರಾಸರಿ 33 ಆಗುತ್ತದೆ. ಅದನ್ನು ನಂಬಿದರೆ ಇನ್ನೂ ಕೆಳಗೆ. ಪ್ರತಿ ಸಲವೂ ಅಂಕಿಅಂಶ "ಬೇಡಿಕೆ ಕುಸಿಯುತ್ತಿದೆ" ಎಂದೇ ಸಾಕ್ಷಿ ಹೇಳುತ್ತದೆ.

ಖಾಲಿಯಾದ ದಿನಗಳನ್ನು ಬಿಟ್ಟುಬಿಡುತ್ತೇನೆ ಎಂದಳು. ಅದು ಇನ್ನೂ ಕೆಟ್ಟದ್ದು. ಉಳಿಯುವ 36 ಭಾನುವಾರಗಳು ವ್ಯಾಪಾರ ಮಂದವಾಗಿದ್ದ ದಿನಗಳೇ, ಅವುಗಳ ಸರಾಸರಿ 32. ಬಿಡುವ ಬದಲು ಊಹಿಸಬೇಕು. ಮಾಲು ಉಳಿದ ದಿನಗಳಲ್ಲಿ ಒಟ್ಟು ಮಾರಾಟದ ಶೇ. 70ರಷ್ಟು ಹತ್ತೂವರೆಯೊಳಗೆ ಆಗಿರುತ್ತಿತ್ತು. ಹತ್ತೂವರೆಗೆ 38 ಮುಗಿದ ದಿನ ಬೇಡಿಕೆ 38 ಭಾಗಿಸು 0.7, ಅಂದರೆ ಸುಮಾರು 54 ಇದ್ದಿರಬೇಕು. ಮಧ್ಯಾಹ್ನ ಹನ್ನೆರಡರೊಳಗಿನ ಪಾಲು ಶೇ. 85, ಹಾಗಾಗಿ ಹನ್ನೆರಡಕ್ಕೆ ಮುಗಿದ ದಿನಕ್ಕೆ ಸುಮಾರು 45. ಇದರೊಳಗೊಂದು ನಂಬಿಕೆ ಅಡಗಿದೆ: ಗಿರಾಕಿ ಹೆಚ್ಚಿದ ದಿನವೂ ಗಂಟೆ ಗಂಟೆಯ ಲಯ ಮಂದ ದಿನದಂತೆಯೇ ಇರುತ್ತದೆ ಎಂದು. ಹಬ್ಬದ ಹಿಂದಿನ ದಿನ ಅದು ಸುಳ್ಳು, ಎಲ್ಲರೂ ಬೆಳಿಗ್ಗೆಯೇ ಬರುತ್ತಾರೆ. ಅಂಥ ದಿನಗಳಲ್ಲಿ ಈ ಲೆಕ್ಕ ಬೇಡಿಕೆಯನ್ನು ಉಬ್ಬಿಸುತ್ತದೆ.

ಬೇಡಿಕೆ ಸಿಕ್ಕಿತು ಅನ್ನೋಣ. ಹಾಗಾದರೆ ಎಷ್ಟು ಕಳಿಸಬೇಕು? ಸರಾಸರಿಯಷ್ಟು ಅಲ್ಲ. ಇದು ಹಳೆಯ ಲೆಕ್ಕ. ಬ್ಯಾಂಕಿನಲ್ಲಿ ಎಷ್ಟು ನಗದು ಇಟ್ಟುಕೊಳ್ಳಬೇಕೆಂದು 1888ರಲ್ಲಿ ಎಡ್ಜ್‌ವರ್ತ್ ಎಂಬ ಅರ್ಥಶಾಸ್ತ್ರಜ್ಞ ಕೇಳಿದ ಪ್ರಶ್ನೆಯೂ ಇದೇ ಜಾತಿಯದು. ಈಗ ಇದನ್ನು ಪತ್ರಿಕೆ ಮಾರುವವನ ಲೆಕ್ಕ ಎಂದು ಕಲಿಸುತ್ತಾರೆ, ಸಂಜೆಗೆ ಉಳಿದ ಪತ್ರಿಕೆಯೂ ಉಳಿದ ಹಿಟ್ಟೂ ಒಂದೇ ಆದ್ದರಿಂದ. ಒಂದು ಪ್ಯಾಕೆಟ್ ಕಡಿಮೆ ಬಿದ್ದರೆ ಆಗುವ ನಷ್ಟವನ್ನು, ಕಡಿಮೆ ಬಿದ್ದ ನಷ್ಟ ಮತ್ತು ಉಳಿದ ನಷ್ಟ ಎರಡರ ಮೊತ್ತದಿಂದ ಭಾಗಿಸಬೇಕು. ಬರುವ ಅನುಪಾತದಷ್ಟು ದಿನಗಳಲ್ಲಿ ಬೇಡಿಕೆ ಪೂರ್ತಿ ತೀರುವಷ್ಟು ಮಾಲು ಇಟ್ಟರೆ ಲಾಭ ಗರಿಷ್ಠ.

ಪ್ಯಾಕೆಟ್‌ನ ಖರ್ಚು 40 ರೂಪಾಯಿ, ಬೆಲೆ 70. ಕಡಿಮೆ ಬಿದ್ದರೆ 30 ಹೋಯಿತು, ಉಳಿದರೆ 40 ಹೋಯಿತು. 30 ಭಾಗಿಸು 70, ಅಂದರೆ 0.43. ಎಪ್ಪತ್ತೇಳು ಭಾನುವಾರಗಳ ಬೇಡಿಕೆಯನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ 33ನೆಯದನ್ನು ನೋಡಿದೆವು: 37. ನಾನು ನಕ್ಕುಬಿಟ್ಟೆ. ಯಜಮಾನರ 38 ಹೆಚ್ಚು ಕಡಿಮೆ ಸರಿಯಾಗಿಯೇ ಇತ್ತು. ಅರ್ಧಕ್ಕಿಂತ ಹೆಚ್ಚು ಭಾನುವಾರ ಮಾಲು ಖಾಲಿಯಾಗುವುದು ತಪ್ಪಲ್ಲ, ಈ ಬೆಲೆಗಳಲ್ಲಿ ಅದೇ ಜಾಣತನ. ವರ್ಷಗಟ್ಟಲೆ ಹಿಟ್ಟು ಸುರಿದ ಸಂಕಟ ಆ ಮನುಷ್ಯನಿಗೆ ಈ ಭಾಗಾಕಾರವನ್ನು ಕಲಿಸಿತ್ತು.

ಆದರೂ ಒಂದು ಅನುಮಾನ ಉಳಿಯಿತು. ಬರಿಗೈಲಿ ಹೋದವರು ಮುಂದಿನ ವಾರ ಮತ್ತೆ ಬರುತ್ತಾರೆಯೇ? ಬಿಲ್ಲಿನಲ್ಲಿ ಗಿರಾಕಿಯ ಹೆಸರಿಲ್ಲ, ಹಾಗಾಗಿ ಮೂರು ಲಕ್ಷ ಸಾಲೂ ಇದಕ್ಕೆ ಮೌನ. ಅವಳು ಹೋಗಿ ಯಜಮಾನರನ್ನೇ ಕೇಳಿದಳು. "ಹಿಟ್ಟಿಗೆ ಬಂದವರು ಚಟ್ನಿಪುಡಿಯನ್ನೂ ಒಯ್ಯುತ್ತಾರಮ್ಮ. ಎರಡು ಸಲ ಇಲ್ಲ ಅಂದರೆ ಎದುರಿನ ಅಂಗಡಿ ರೂಢಿಯಾಗುತ್ತದೆ" ಎಂದರು. ಒತ್ತಾಯಿಸಿ ಕೇಳಿದಾಗ, ಒಬ್ಬ ಗಿರಾಕಿ ಬರಿಗೈಲಿ ಹಿಂದಿರುಗಿದರೆ ಇನ್ನೂ 30 ರೂಪಾಯಿ ಹೋದಂತೆ ಎಂದು ಒಂದು ಅಂದಾಜು ಕೊಟ್ಟರು. ಆಗ ಕಡಿಮೆ ಬಿದ್ದ ನಷ್ಟ 60, ಅನುಪಾತ 60 ಭಾಗಿಸು 100, ಅಂದರೆ 0.6. ಜೋಡಿಸಿದ ಪಟ್ಟಿಯಲ್ಲಿ 47ನೆಯ ಸಂಖ್ಯೆ 43. ಮೂವತ್ತೆಂಟಿನಿಂದ ನಲವತ್ತಮೂರಕ್ಕೆ ಏರಿಸಿದ್ದು ಬಿಲ್ಲುಗಳಲ್ಲ, ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರು ಹೇಳಿದ ಒಂದು ಸಂಖ್ಯೆ. ಅದು ಅವಳ ಪುಟದಲ್ಲಿ ಎಲ್ಲೂ ಇರಲಿಲ್ಲ.

ಪರಿಣಾಮದ ಮಾತು ಇನ್ನೂ ಸೂಕ್ಷ್ಮ. 12 ಮಳಿಗೆಗಳಲ್ಲಿ ಎಂಟು ಭಾನುವಾರ ಸರಾಸರಿ ಐದು ಪ್ಯಾಕೆಟ್ ಹೆಚ್ಚು ಕಳಿಸಿದರು. ಅವುಗಳಲ್ಲಿ ಮಳಿಗೆಯೊಂದಕ್ಕೆ ಮಾರಾಟ ನಾಲ್ಕು ಏರಿತು, ಉಳಿದದ್ದು ಒಂದು ಏರಿತು. 120 ಕಳೆಯಿರಿ 40, ಭಾನುವಾರಕ್ಕೆ 80 ರೂಪಾಯಿ ಲಾಭ ಎಂದು ಬರೆಯಬಹುದಿತ್ತು, ಅವಳು ಬರೆದೂ ಇದ್ದಳು. ಪುಣ್ಯಕ್ಕೆ ಉಳಿದ 12 ಮಳಿಗೆಗಳನ್ನು ಮುಟ್ಟಿರಲಿಲ್ಲ. ಅಲ್ಲೂ ಅದೇ ವಾರಗಳಲ್ಲಿ ಮಾರಾಟ ಒಂದು ಏರಿ, ಉಳಿಕೆ ಒಂದು ಇಳಿದಿತ್ತು. ಜೂನ್‌ ಜುಲೈನ ತಂಪಿಗೆ ಜನ ಹೆಚ್ಚು ದೋಸೆ ತಿಂದರೋ ಏನೋ. ಅದನ್ನು ಕಳೆದರೆ ಬದಲಾವಣೆಯ ನಿಜವಾದ ಫಲ: ಮೂರು ಹೆಚ್ಚು ಮಾರಾಟ, ಎರಡು ಹೆಚ್ಚು ಉಳಿಕೆ. 90 ಕಳೆಯಿರಿ 80, ಹತ್ತು ರೂಪಾಯಿ. ಅದೂ ಎಂಟೇ ವಾರದ ಮೇಲೆ. ಮಳೆ ಬಂದರೆ ಹನ್ನೆರಡೂ ಮಳಿಗೆಗೆ ಒಟ್ಟಿಗೇ ಬರುತ್ತದಾದ್ದರಿಂದ, ಇದನ್ನು 96 ಪ್ರತ್ಯೇಕ ಪ್ರಯೋಗ ಎಂದು ಎಣಿಸುವ ಹಾಗಿಲ್ಲ. ಹತ್ತು ರೂಪಾಯಿ ಸೊನ್ನೆಯೂ ಆಗಿರಬಹುದು.

ಹಾಗಿದ್ದರೂ ಯಜಮಾನರು ಹೊಸ ಲೆಕ್ಕವನ್ನೇ ಇಟ್ಟುಕೊಂಡರು. ಪುಸ್ತಕದಲ್ಲಿ ನಷ್ಟವಿಲ್ಲದೆ ಮೂವರು ಗಿರಾಕಿಗಳು ಬರಿಗೈಲಿ ಹಿಂದಿರುಗದಿದ್ದರೆ ಅವರಿಗೆ ಅಷ್ಟೇ ಸಾಕಿತ್ತು.

ಅವಳು ಪುಟವನ್ನು ತಿದ್ದಿ ಬರೆದಳು. ಗಾತ್ರದ ಜಾಗದಲ್ಲಿ: 3,11,000 ಬಿಲ್ಲು, ನಿರ್ಧಾರಕ್ಕೆ ಮಳಿಗೆಗೆ 77 ಭಾನುವಾರ, ಮಲ್ಲೇಶ್ವರದಲ್ಲಿ ಅದರಲ್ಲಿ 41 ಊಹಿಸಿದ್ದು. ಪರಿಣಾಮದ ಜಾಗದಲ್ಲಿ: 38 ಇದ್ದದ್ದು 43 ಆಯಿತು, ಮುಟ್ಟದ 12 ಮಳಿಗೆಗಳೊಂದಿಗೆ ಹೋಲಿಸಿದಾಗ ಲೆಕ್ಕಪುಸ್ತಕದ ಲಾಭ ಹೆಚ್ಚುಕಡಿಮೆ ಸೊನ್ನೆ, ಗಿರಾಕಿ ಕೈತಪ್ಪುವ 30 ರೂಪಾಯಿ ಮಾಲೀಕರ ಅಂದಾಜು. ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಳು, ಅದನ್ನು ನಾನು ಹೇಳಿಕೊಟ್ಟಿರಲಿಲ್ಲ: "ಏಪ್ರಿಲ್‌ನಲ್ಲಿ ಪರೀಕ್ಷಿಸಿಲ್ಲ. ಸೆಕೆಗೆ ಹಿಟ್ಟು ಮಧ್ಯಾಹ್ನಕ್ಕೇ ಪ್ಯಾಕೆಟ್ ಉಬ್ಬಿಸುತ್ತದೆ, ಆಗ ಹಳೆಯ ಮೂವತ್ತೆಂಟೇ."

ಯಾರು ಹೇಳಿದ್ದು ಎಂದು ಕೇಳಿದೆ. ವ್ಯಾನಿನ ಡ್ರೈವರ್ ಅಂತೆ.