ಮಸಲ್ ಡಿಸ್ಮಾರ್ಫಿಯಾ: ಎಷ್ಟು ಬೆಳೆಸಿದರೂ ಸಾಲದ ಮೈ

ತೋಳು 16 ಇಂಚು, ಅಗಲವಾದ ಎದೆ. ನೋಡಿದವರ ಕಣ್ಣಿಗೆ ಕಟ್ಟುಮಸ್ತಾದ ಹುಡುಗ. ಅವನಿಗೆ ಮಾತ್ರ ಕನ್ನಡಿಯಲ್ಲಿ ಕಾಣುವುದು ಒಬ್ಬ ನರಪೇತಲ. ಸುಮ್ನೆ ಹೊಗಳಿಸಿಕೊಳ್ಳೋಕೆ ಅವನು ಹಾಗೆ ಹೇಳುತ್ತಿಲ್ಲ, ನಿಜವಾಗಿಯೂ ಅವನಿಗೆ ಹಾಗೇ ಕಾಣುತ್ತದೆ. ಮೈ ಸಣ್ಣದು, ಮಸಲ್ ಸಾಲದು ಎಂಬ ಯೋಚನೆ ದಿನವಿಡೀ ತಲೆ ಕೊರೆದು ಬದುಕನ್ನೇ ಕೆಡಿಸುವ ಈ ಸ್ಥಿತಿಗೆ ಮಸಲ್ ಡಿಸ್ಮಾರ್ಫಿಯಾ ಎನ್ನುತ್ತಾರೆ.

ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 1993ರಲ್ಲಿ 108 ಬಾಡಿಬಿಲ್ಡರ್‌ಗಳ ಅಧ್ಯಯನ ಪ್ರಕಟಿಸಿದರು. ದೊಡ್ಡ ಮೈಯಿದ್ದರೂ ತಾವು ಸಣ್ಣಗಿದ್ದೇವೆ ಎಂದು ನಂಬಿದವರು ಅವರಲ್ಲಿದ್ದರು. ಒಣಗಿದ ಕಡ್ಡಿಯಂತಾದರೂ ದಪ್ಪಗಿದ್ದೇನೆ ಎಂದು ಊಟ ಬಿಡುವ ಅನೊರೆಕ್ಸಿಯಾ ಕಾಯಿಲೆಗೆ ಇದು ಉಲ್ಟಾ ಎಂದು ಆಗ ಕಂಡಿತು. ಈಗಿನ ಹೆಸರು ಬಂದದ್ದು 1997ರಲ್ಲಿ. 2013ರಲ್ಲಿ ಬಂದ ಡಿಎಸ್ಎಂ-5 ಎಂಬ ಮನೋವೈದ್ಯರ ಕೈಪಿಡಿ ಇದನ್ನು ಮೈಯಲ್ಲಿ ಇಲ್ಲದ ಕುಂದು ಕಂಡು ಕೊರಗುವ ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್‌ನ ಒಂದು ಬಗೆ ಎಂದು ಗುರುತಿಸಿ, ಒಂದೇ ಯೋಚನೆ ಕಾಡಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಒಸಿಡಿ ಕಾಯಿಲೆಯ ಬಳಗಕ್ಕೆ ಸೇರಿಸಿತು. ಅದು ಸರಿಯಾದ ಜಾಗ. ಬೀಗ ಹಾಕಿದೆನಾ ಎಂದು ಮತ್ತೆ ಮತ್ತೆ ಎಳೆದು ನೋಡುವವರಂತೆ ಇವರು ತೋಳು, ಭುಜ, ಹೊಟ್ಟೆ ನೋಡಿಕೊಳ್ಳುತ್ತಲೇ ಇರುತ್ತಾರೆ.

ದಿನಾ ಎರಡು ಗಂಟೆ ಜಿಮ್‌ನಲ್ಲಿ ಬೆವರು ಹರಿಸುವವರಿಗೆಲ್ಲ ಈ ಕಾಯಿಲೆ ಇದೆ ಎಂದಲ್ಲ. ಖುಷಿಗಾಗಿ, ಸ್ಪರ್ಧೆಗಾಗಿ ಮಾಡುವವರು ಅಕ್ಕನ ಮದುವೆ ಬಂದರೆ ಒಂದು ದಿನ ಜಿಮ್ ಬಿಟ್ಟು ಹೋಳಿಗೆ ತಿನ್ನುತ್ತಾರೆ. ಇಪ್ಪತ್ತೆರಡರ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಅವನು ಮದುವೆಮನೆಗೂ ಬೇಯಿಸಿದ ಚಿಕನ್ ಡಬ್ಬಿ ತರುತ್ತಾನೆ. ಧಾರೆ ಮುಗಿಯುತ್ತಲೇ ವರ್ಕೌಟ್‌ಗೆ ಓಡುತ್ತಾನೆ. ಮೇ ತಿಂಗಳ ಸೆಕೆಯಲ್ಲೂ ದೊಗಲೆ ಹೂಡಿ ಬಿಚ್ಚುವುದಿಲ್ಲ. ಅಷ್ಟು ಕಷ್ಟಪಟ್ಟು ಬೆಳೆಸಿದ ಮೈಯನ್ನು ಯಾಕೆ ಮುಚ್ಚಿಡಬೇಕು, ಅಲ್ವಾ? ಮನೆಯವರು ಗಮನಿಸಬೇಕಾದದ್ದು ಇದನ್ನೇ.

ಈ ಹುಡುಗ 65 ಕೆಜಿಯಿಂದ ಶುರು ಮಾಡಿದ ಎಂದುಕೊಳ್ಳೋಣ. ಜಿಮ್ ಮಾತಿನಲ್ಲಿ ಹೇಳುವುದಾದರೆ ಮೊದಲು ಬಲ್ಕಿಂಗ್. ಜಾಸ್ತಿ ತಿಂದು, ಜಾಸ್ತಿ ಭಾರ ಎತ್ತಿ 78 ಕೆಜಿಗೆ ಬಂದ. ಬರೀ ಮಸಲ್ ಬೆಳೆಯುವುದಿಲ್ಲ, ಜೊತೆಗೆ ಕೊಬ್ಬೂ ಸೇರುತ್ತದೆ. ಹೊಟ್ಟೆಯ ಗೆರೆಗಳು ಮಾಯ. ಈಗ ಗಾಬರಿ, ಕೊಬ್ಬು ಇಳಿಸುವ ಕಟಿಂಗ್ ಶುರು. ಅನ್ನ, ಚಪಾತಿಗೆ ಕತ್ತರಿ ಬಿತ್ತು. ಮಸಲ್ ತನ್ನೊಳಗೆ ಗ್ಲೈಕೋಜನ್ ಎಂಬ ರೂಪದಲ್ಲಿ ಸಕ್ಕರೆಯನ್ನೂ ಅದರ ಜೊತೆ ನೀರನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಅನ್ನ, ಚಪಾತಿ ಕಡಿಮೆಯಾದರೆ ಕೆಲವೇ ದಿನಗಳಲ್ಲಿ ಅದು ಇಳಿದು, ತೋಳು ಸೊರಗಿದಂತೆ ಕಾಣುತ್ತದೆ. ಮಸಲ್ ಕರಗಿರುವುದಿಲ್ಲ. ಆದರೆ ಅವನ ಕೈಯಲ್ಲಿರುವ ಟೇಪು ಅರ್ಧ ಇಂಚು ಕಡಿಮೆ ತೋರಿಸುತ್ತದೆ, ಅಷ್ಟೇ ಸಾಕು. ಮತ್ತೆ ಬಲ್ಕಿಂಗ್. ಮೈ ದಪ್ಪವೂ ಆಗಬೇಕು, ಚರ್ಮದ ಕೆಳಗೆ ಕೊಬ್ಬೂ ಇರಬಾರದು ಎಂಬ ಎರಡು ಆಸೆಗಳು ಒಂದನ್ನೊಂದು ಎಳೆದಾಡುತ್ತವೆ. ಯಾವ ಕಡೆ ಹೋದರೂ ಒಂದು ಭಯ ಕಾದಿರುತ್ತದೆ. ಫೋನಿನಲ್ಲಿ ಕಾಣುವ ಮೈಗಳಲ್ಲಿ ಇವೆರಡೂ ಒಟ್ಟಿಗೆ ಇರುತ್ತವೆ ನಿಜ. ವರ್ಕೌಟ್ ಮುಗಿದ ತಕ್ಷಣ ರಕ್ತ ತುಂಬಿ ಉಬ್ಬಿದ ಮಸಲ್, ಮೇಲಿನಿಂದ ಬೀಳುವ ಲೈಟು, ಕೆಲವರ ವಿಷಯದಲ್ಲಿ ಮಸಲ್ ಬೆಳೆಸುವ ಹಾರ್ಮೋನು ಔಷಧಿಯಾದ ಸ್ಟೀರಾಯ್ಡ್ ಸೇರಿ ಆದ ಚಿತ್ರ ಅದು.

ಎರಡೂ ಬೇಕು ಎನ್ನುವ ಈ ಹಂತದಲ್ಲೇ ಹುಡುಗರು ಸ್ಟೀರಾಯ್ಡ್‌ಗೆ ಕೈ ಹಾಕುವುದು. ಹೊರಗಿನಿಂದ ಹಾರ್ಮೋನು ಬಂದಾಗ ಮೈ ತನ್ನ ಟೆಸ್ಟೋಸ್ಟಿರೋನ್ ತಯಾರಿಕೆ ನಿಲ್ಲಿಸುತ್ತದೆ. ವೃಷಣ ಕುಗ್ಗಬಹುದು, ವೀರ್ಯಾಣು ಕಡಿಮೆಯಾಗಬಹುದು, ಹೃದಯದ ಗೋಡೆ ದಪ್ಪವಾಗಬಹುದು. ಸ್ಟೀರಾಯ್ಡ್ ನಿಲ್ಲಿಸಿದ ಮೇಲೆ ಸ್ವಂತ ಹಾರ್ಮೋನು ಮರಳಲು ತಿಂಗಳುಗಳೇ ಹಿಡಿಯಬಹುದು. ಆ ಹೊತ್ತಿನಲ್ಲಿ ಮೈಯೂ ಇಳಿಯುತ್ತದೆ, ಮನಸ್ಸೂ ಕುಸಿಯುತ್ತದೆ. ಮೊದಲೇ ಸಣ್ಣಗಿದ್ದೇನೆ ಎಂದು ನರಳುತ್ತಿದ್ದವನಿಗೆ ಅದನ್ನು ತಡೆದುಕೊಳ್ಳುವುದು ಕಷ್ಟ, ಹಾಗಾಗಿ ಮತ್ತೆ ಇಂಜೆಕ್ಷನ್. ಕೆಲವರಲ್ಲಿ ಆತ್ಮಹತ್ಯೆಯ ಯೋಚನೆಯೂ ಬರುತ್ತದೆ. ಸ್ಟೀರಾಯ್ಡ್ ಬಿಡುವವರು ವೈದ್ಯರಿಂದ ಏನನ್ನೂ ಮುಚ್ಚಿಡದೆ ಹೇಳಬೇಕು.

"ನೀನು ಚೆನ್ನಾಗೇ ಇದ್ದೀಯ ಕಣೋ" ಎಂದು ಸಮಾಧಾನ ಹೇಳಿದರೆ ಅದು ಸ್ವಲ್ಪ ಹೊತ್ತು ಮಾತ್ರ ಹಿಡಿಯುತ್ತದೆ. ಆಮೇಲೆ ಮತ್ತೆ ಕೇಳುತ್ತಾನೆ. ಅದರ ಬದಲು "ಊಟಕ್ಕೆ ಹೊರಗೆ ಬರೋದನ್ನೇ ಬಿಟ್ಟಿದ್ದೀಯಲ್ಲ, ಯಾಕೆ?" ಎಂದು ಕೇಳಿ ನೋಡಿ. ಮಾತು ಮೈಯಿಂದ ಬದುಕಿಗೆ ತಿರುಗುತ್ತದೆ. ಚಿಕಿತ್ಸೆಯಾಗಿ ಒಸಿಡಿಗೆ ಬಳಸುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇದೆ, ಬೇಕಾದರೆ ಖಿನ್ನತೆಗೂ ಕೊಡುವ ಎಸ್ಎಸ್ಆರ್‌ಐ ಮಾತ್ರೆಗಳಿವೆ. ಚಿಕಿತ್ಸೆಯಲ್ಲಿ ಸಣ್ಣ ಸಣ್ಣ ಹೆಜ್ಜೆ ಇಡಿಸುತ್ತಾರೆ: ಈ ವಾರ ಟೇಪು ಮುಟ್ಟಬೇಡ, ಮುಂದಿನ ವಾರ ಹೂಡಿ ಬಿಟ್ಟು ಟೀ ಶರ್ಟಿನಲ್ಲಿ ಕಾಲೇಜಿಗೆ ಹೋಗು, ಆಗುವ ಕಸಿವಿಸಿ ತಾನಾಗಿ ಇಳಿಯುವವರೆಗೆ ತಾಳಿಕೋ. ಜಿಮ್ ಪೂರ್ತಿ ಬಿಡಿಸುವುದೇ ಗುರಿಯಲ್ಲ. ಎಲ್ಲಿಂದ ಶುರು ಮಾಡಬೇಕೆಂದು ತೋಚದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.